ಐದನೆಯ ಪ್ರಶ್ನೆಗೆ ಉತ್ತರ

ಶನಿವಾರ ಷೇರು ಬಜಾರಿಗೆ ರಜೆ. ಸನತ್‌ನಗರದ ಬೇರಿಂಗ್ ಅಂಗಡಿಯ ಮೇಲಿನ ವೀರಭದ್ರಪ್ಪನವರ ಆಫೀಸಿಗೆ ಮಾತ್ರ ಅವತ್ತೇ ನಿಜವಾದ ಕೆಲಸ. ಸೋಮವಾರದಿಂದ ಶುಕ್ರವಾರದವರೆಗೆ ಎಂಟು ಜನ ಎಂಟು ಕಂಪ್ಯೂಟರಿನ ಮುಂದೆ ಕೂತು ವೀರಭದ್ರಪ್ಪನವರ ದುಡ್ಡಿನಲ್ಲಿ ಷೇರು ಕೊಳ್ಳುತ್ತಾರೆ, ಮಾರುತ್ತಾರೆ. ಶನಿವಾರ ಹತ್ತು ಗಂಟೆಗೆ ಆ ಎಂಟೂ ಜನ ಗೋಡೆಯ ಬಿಳಿ ಬೋರ್ಡಿನ ಮುಂದೆ ಕುರ್ಚಿ ಎಳೆದುಕೊಂಡು ಕೂತು, ವಾರವಿಡೀ ತಾವು ಮಾಡಿದ್ದು ಬುದ್ಧಿವಂತಿಕೆಯೋ ಹುಚ್ಚಾಟವೋ ಎಂದು ಕೇಳಿಸಿಕೊಳ್ಳುತ್ತಾರೆ. ಹೇಳುವವಳು ನಲಿನಿ.

ನಲಿನಿ ಕಲಬುರ್ಗಿಯವಳು, ನಲವತ್ನಾಲ್ಕು ವರ್ಷ. ಗಂಡನಿಗೆ ಕುಷಾಯಿಗೂಡದ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ. ಇವಳು ಹದಿನೈದು ವರ್ಷ ಒಬ್ಬ ಬ್ರೋಕರನ ಆಫೀಸಿನಲ್ಲಿ ಲೆಕ್ಕ ತಾಳೆ ನೋಡುತ್ತ, ಜನ ಎಷ್ಟು ಚೆಂದಾಗಿ ದುಡ್ಡು ಕಳೆದುಕೊಳ್ಳುತ್ತಾರೆ ಎಂಬುದನ್ನು ಕಣ್ಣಾರೆ ಕಂಡವಳು. ಬೋರ್ಡಿನ ಮೇಲೆ ನಾಲ್ಕು ಮನೆ ಗೆರೆ ಎಳೆದದ್ದು ಅವಳೇ. ಮೇಲಿನ ಎರಡು ಸರಿಯಾದ ನಿರ್ಧಾರಕ್ಕೆ, ಕೆಳಗಿನ ಎರಡು ತಪ್ಪು ನಿರ್ಧಾರಕ್ಕೆ. ಎಡಕ್ಕೆ ಲಾಭ, ಬಲಕ್ಕೆ ನಷ್ಟ. ಸರಿ-ಲಾಭ, ಸರಿ-ನಷ್ಟ, ತಪ್ಪು-ಲಾಭ, ತಪ್ಪು-ನಷ್ಟ. ಪ್ರತಿ ವ್ಯವಹಾರದ ಹಾಳೆಯೂ ಈ ನಾಲ್ಕರಲ್ಲಿ ಒಂದು ಮನೆಗೆ ಹೋಗಿ ಸೇರಲೇಬೇಕು.

ಇದು ಬರೀ ಪಾಠದ ಮಾತಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇಲ್ಲಿ ಸೀಟು ಬೇಕೆಂದರೆ ಎರಡು ಲಕ್ಷ ಠೇವಣಿ ಇಡಬೇಕು. ಲಾಭ ಬಂದರೆ ಅರ್ಧ ನಿನ್ನದು, ಅರ್ಧ ಆಫೀಸಿನದು. ನಷ್ಟವಾದರೆ ಹಾಳೆ ಯಾವ ಮನೆಗೆ ಹೋಯಿತೆಂದು ನೋಡುತ್ತಾರೆ. ಸರಿ-ನಷ್ಟವಾದರೆ ಆಫೀಸು ಹೊರುತ್ತದೆ. ತಪ್ಪು-ನಷ್ಟವಾದರೆ ನಿನ್ನ ಠೇವಣಿಯಿಂದ ಕತ್ತರಿ. ಠೇವಣಿ ಒಂದು ಲಕ್ಷಕ್ಕಿಂತ ಕೆಳಗಿಳಿದರೆ ಉಳಿದದ್ದು ತಗೊಂಡು ಮನೆಗೆ ನಡಿ.

ಹಾಗಾಗಿ ನ್ಯಾಯ ಕಟ್ಟುನಿಟ್ಟಾಗಿರಲಿ ಎಂದು ನಲಿನಿ ಒಂದು ಪದ್ಧತಿ ಮಾಡಿದ್ದಳು. ಷೇರು ಕೊಳ್ಳುವ ಮೊದಲೇ ಹಾಳೆ ತುಂಬಿ ಡಬ್ಬಿಗೆ ಹಾಕಬೇಕು. ಅದರಲ್ಲಿ ಐದು ಪ್ರಶ್ನೆ. ಯಾಕೆ ಕೊಳ್ಳುತ್ತಿ, ಎಷ್ಟಕ್ಕೆ ಬಿದ್ದರೆ ಮಾರಿ ಹೊರಬರುತ್ತಿ, ಹಾಗೆ ಬಂದರೆ ನಷ್ಟ ಐವತ್ತು ಸಾವಿರದೊಳಗೆ ಇರುತ್ತದೋ, ಎಷ್ಟಕ್ಕೆ ಏರಿದರೆ ಸಾಕೆನ್ನುತ್ತಿ. ಐದನೆಯದು, ಮಾರ್ಕೆಟ್ ಮುಚ್ಚಿದ ಹೊತ್ತಿನಲ್ಲಿ ಸುದ್ದಿ ಬಂದರೆ ಏನು ಗತಿ. ವ್ಯವಹಾರ ಮುಗಿದ ಮೇಲೆ ಫಲಿತಾಂಶವನ್ನು ಹಾಳೆಯ ತಳದಲ್ಲಿ ಬರೆದು, ಮಡಚಿ, ಪಿನ್ ಹೊಡೆಯಬೇಕು. ಶನಿವಾರ ನಲಿನಿ ಮೇಲಿನ ಐದು ಉತ್ತರ ಮಾತ್ರ ಓದಿ ಸರಿ ಅಥವಾ ತಪ್ಪು ಅನ್ನುತ್ತಾಳೆ. ಆಮೇಲೆ ಪಿನ್ ಕೀಳುತ್ತಾಳೆ. ಗೆದ್ದವನು ಜಾಣನಂತೆ ಕಾಣುತ್ತಾನೆ, ಸೋತವನು ದಡ್ಡನಂತೆ ಕಾಣುತ್ತಾನೆ, ಆ ಕಣ್ಣುಕಟ್ಟು ನಮಗೆ ಬೇಡ ಎಂದು ಅವಳು ಹೊಸದಾಗಿ ಸೇರಿದವರಿಗೆಲ್ಲ ಹೇಳುತ್ತಿದ್ದಳು. ಈ ಮಾತಿನ ಬಗ್ಗೆ ಅವಳಿಗೆ ಒಳಗೊಳಗೇ ಸ್ವಲ್ಪ ಜಂಬವೂ ಇತ್ತು.

ಜೂನ್‌ನಲ್ಲಿ ಲಹರಿ ಎಂಬ ಹುಡುಗಿ ಮೂವತ್ತೆಂಟು ಸಾವಿರ ಕಳೆದುಕೊಂಡಳು. ಹಾಳೆ ನೋಡಿದರೆ ಐದೂ ಉತ್ತರ ಸರಿ. ಬೀಳಬಹುದೆಂದು ಬರೆದಷ್ಟೇ ಬಿತ್ತು, ಹೊರಬರುತ್ತೇನೆಂದ ಬೆಲೆಗೇ ಹೊರಬಂದಳು, ಸಂಜೆಗೆ ಮೊದಲೇ ಕೈ ತೊಳೆದುಕೊಂಡಳು. ಸರಿ-ನಷ್ಟ. ವೀರಭದ್ರಪ್ಪನವರು ಮುಖ ಹುಳ್ಳಗೆ ಮಾಡಿಕೊಂಡೇ ದುಡ್ಡು ಹೊತ್ತರು. ಆ ದಿನ ನಲಿನಿಗೆ, ನಾನು ಗೆರೆ ಎಳೆದ ಈ ಬೋರ್ಡು ಒಂದು ಕೋರ್ಟಿಗಿಂತ ಕಡಿಮೆ ಅಲ್ಲ ಅನ್ನಿಸಿತ್ತು.

ಈಗ ಜುಲೈ ಕೊನೆಯ ವಾರ. ಸರದಿ ಹುಲಗೇಶನದು.

ಹುಲಗೇಶನಿಗೆ ಮೂವತ್ತೇಳು. ಕೊಪ್ಪಳದ ಕಡೆಯವನು. ಇದೇ ಸನತ್‌ನಗರದ ಒಂದು ವಾಲ್ವ್ ಫ್ಯಾಕ್ಟರಿಯಲ್ಲಿ ಹನ್ನೆರಡು ವರ್ಷ ಇನ್‌ಸ್ಪೆಕ್ಟರನಾಗಿದ್ದು, ಅಲ್ಲಿ ಬಿಟ್ಟಾಗ ಕೈಗೆ ಬಂದ ಪಿಎಫ್ ದುಡ್ಡನ್ನೇ ಇಲ್ಲಿ ಠೇವಣಿ ಇಟ್ಟಿದ್ದ. ಲಿಂಗಂಪಲ್ಲಿಯಲ್ಲಿ ಬಾಡಿಗೆ ಮನೆ, ಹೆಂಡತಿ ಕಾವ್ಯಾ, ಒಂದನೇ ಕ್ಲಾಸಿನ ಮಗಳು ಪಿಂಕಿ. ಫ್ಯಾಕ್ಟರಿಯವರು ವಾಪಸು ಕರೆಯುವವರಲ್ಲ. ಬೇರೆ ಇಂಥ ಆಫೀಸಿಗೆ ಹೋದರೂ ಅವರು ಮೊದಲು ಕೇಳುವುದು ಹಿಂದಿನ ಸೀಟು ಯಾಕೆ ಹೋಯಿತು ಎಂದು. ಈ ಕುರ್ಚಿ ಹೋದರೆ ಅವನಿಗೆ ಇನ್ನೊಂದು ಕುರ್ಚಿ ಇಲ್ಲ. ಇದು ಎಲ್ಲರಿಗೂ ಗೊತ್ತಿತ್ತು.

ಮಂಗಳವಾರ ಮಧ್ಯಾಹ್ನ ಅವನು ಒಂದು ಔಷಧಿ ಕಂಪನಿಯ ಫ್ಯೂಚರ್ಸ್ ಮೂರು ಲಾಟ್ ಕೊಂಡ. ಲಾಟಿಗೆ ಐನೂರು, ಒಟ್ಟು ಸಾವಿರದೈನೂರು ಷೇರಿನ ಮೇಲೆ ಪಂಥ. ಕೊಂಡದ್ದು ಸಾವಿರದ ಇನ್ನೂರಾ ಹತ್ತಕ್ಕೆ, ಸಾವಿರದ ನೂರಾ ಎಂಬತ್ತಕ್ಕೆ ಬಿದ್ದರೆ ಮಾರಿ ಹೊರಬರಬೇಕೆಂದು ಸ್ಟಾಪ್. ಮೂವತ್ತು ರೂಪಾಯಿಯ ಅಂತರ, ನಷ್ಟವಾದರೆ ನಲವತ್ತೈದು ಸಾವಿರ. ಲೆಕ್ಕ ಅಚ್ಚುಕಟ್ಟು. ಆದರೆ ಆ ಕಂಪನಿಯ ಮೂರು ತಿಂಗಳ ಫಲಿತಾಂಶ ಅವತ್ತು ಸಂಜೆಯೇ ಬರುವುದಿತ್ತು. ಬಂತು. ಕೆಟ್ಟದಾಗಿಯೇ ಬಂತು. ಬುಧವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಬೆಲೆ ಸಾವಿರದ ನೂರು. ನಡುವೆ ಸಾವಿರದ ನೂರಾ ಎಂಬತ್ತು ಎಂಬ ಬೆಲೆಗೆ ಯಾರೂ ಒಂದು ಷೇರನ್ನೂ ಕೊಳ್ಳಲಿಲ್ಲ, ಮಾರಲಿಲ್ಲ. ಸ್ಟಾಪು ಇದ್ದಲ್ಲೇ ಇತ್ತು, ಅದನ್ನು ಹಾರಿಕೊಂಡು ಬೆಲೆ ಕೆಳಗೆ ಹೋಗಿತ್ತು. ಸಾವಿರದ ನೂರಕ್ಕೇ ಮಾರಬೇಕಾಗಿ ಒಂದು ಲಕ್ಷದ ಅರವತ್ತೈದು ಸಾವಿರ ಹೋಯಿತು.

ಠೇವಣಿಯಿಂದ ಕತ್ತರಿಸಿದರೆ ಉಳಿಯುವುದು ಮೂವತ್ತೈದು ಸಾವಿರ.

ಶುಕ್ರವಾರ ಮಧ್ಯಾಹ್ನ, ಬಜಾರು ಮುಚ್ಚಿದ ಮೇಲೆ ಹುಲಗೇಶ ಎರಡು ಗ್ಲಾಸು ಚಹಾ ತಂದು ಒಂದನ್ನು ನಲಿನಿಯ ಟೇಬಲ್ಲಿನ ಮೇಲಿಟ್ಟ. ಮೂರು ದಿನದಲ್ಲಿ ಅವನ ಮುಖ ಇಳಿದುಹೋಗಿತ್ತು.

"ಅಕ್ಕಾರ, ನಾ ಏನೂ ವಶೀಲಿ ಮಾಡಾಕ ಬಂದಿಲ್ರಿ," ಅಂದ. "ಹಾಳಿ ನೋಡ್ರಿ, ರಿಸಲ್ಟ್ ನೋಡಬ್ಯಾಡ್ರಿ. ನೀವ ಕಲಿಸಿದ್ದಲ್ರಿ ಅದು? ನಾ ಎಲ್ಲಾ ಬರದೀನಿ. ಒಂದೂ ಖಾಲಿ ಬಿಟ್ಟಿಲ್ಲ."

"ನೋಡ್ತೀನಿ ಹುಲಗೇಶ. ಮನೀಗೆ ಹೋಗು. ಕಾವ್ಯಾಗ ಹೇಳೀಯೇನು?"

"ಶನಿವಾರ ಆಗ್ಲಿ ಅಂತ ಬಿಟ್ಟೀನ್ರಿ. ಸರಿ-ನಷ್ಟ ಅಂತ ಆದ್ರ ಹೇಳೂ ಮಾತ ಬರಂಗಿಲ್ಲ ನೋಡ್ರಿ." ಅಷ್ಟು ಹೇಳಿ ನಗಲು ನೋಡಿದ, ಆಗಲಿಲ್ಲ.

ಅವನು ಹೋದ ಮೇಲೆ ನಲಿನಿ ಡಬ್ಬಿಯಿಂದ ಹಾಳೆ ತೆಗೆದಳು. ಮೊದಲ ನಾಲ್ಕು ಉತ್ತರ ಚೊಕ್ಕವಾಗಿದ್ದವು. ಐದನೆಯ ಪ್ರಶ್ನೆಯ ಎದುರು ಅವನ ದುಂಡು ಅಕ್ಷರದಲ್ಲಿ ಎರಡು ಸಾಲಿತ್ತು. "ಸ್ಟಾಪ್ ಐತಿ. ಜನವರಿ ಹಾಳಿ ನೋಡ್ರಿ."

ನಲಿನಿ ಬೋರ್ಡಿನ ಮೇಲಿದ್ದ ಜನವರಿಯ ಹಾಳೆ ನೋಡಿದಳು. ಆ ಹಾಳೆಯಲ್ಲಿಯೂ ಫಲಿತಾಂಶ ಬರುವ ದಿನವೇ ಕೊಂಡದ್ದು, ಅದೇ ಮೂರು ಲಾಟು, ಅದೇ ಬಗೆಯ ಸ್ಟಾಪು. ಐದನೆಯ ಪ್ರಶ್ನೆಗೆ ಉತ್ತರ "ಸ್ಟಾಪ್ ಐತಿ". ಅದರ ಪಕ್ಕದಲ್ಲಿ ಹಸಿರು ಶಾಯಿಯ ಒಂದು ರೈಟ್ ಗುರುತು, ಕೆಳಗೆ ನಲಿನಿಯ ಸಹಿ. ಮನೆ, ಸರಿ-ಲಾಭ. ಆ ಸಲ ಬೆಳಿಗ್ಗೆ ಬೆಲೆ ಮೇಲಕ್ಕೆ ಹಾರಿ ಒಂದು ಲಕ್ಷದ ನಲವತ್ತು ಸಾವಿರ ಬಂದಿತ್ತು.

ಅವಳಿಗೆ ಆ ಶನಿವಾರ ಚೆನ್ನಾಗಿ ನೆನಪಾಯಿತು. ಹುಲಗೇಶ ಊರಿನಿಂದ ಕರದಂಟು ತರಿಸಿ, ಮೀಟಿಂಗ್ ಶುರುವಾಗುವ ಮೊದಲೇ ಎಲ್ಲರ ಕೈಗೆ ಇಟ್ಟಿದ್ದ. ವೀರಭದ್ರಪ್ಪನವರು ಅವನ ಬೆನ್ನು ತಟ್ಟಿದ್ದರು. ಹಾಳೆಯ ತಳ ಮಡಚಿತ್ತು, ಪಿನ್ನೂ ಹೊಡೆದಿತ್ತು. ಆದರೆ ಎಂಟು ಜನರ ಆಫೀಸಿನಲ್ಲಿ ಯಾರು ಎಷ್ಟು ಗೆದ್ದರು ಎಂಬುದು ಯಾರಿಗೆ ಗೊತ್ತಿರುವುದಿಲ್ಲ? ಬಾಯಲ್ಲಿ ಕರದಂಟು ಇಟ್ಟುಕೊಂಡೇ ಅವಳು ಐದನೆಯ ಉತ್ತರಕ್ಕೆ ರೈಟ್ ಹಾಕಿದ್ದಳು. ಸ್ಟಾಪು ಬಜಾರು ತೆರೆದಿದ್ದಾಗ ಮಾತ್ರ ಕೆಲಸ ಮಾಡುತ್ತದೆ, ಮುಚ್ಚಿದಾಗ ಅದಿದ್ದೂ ಇಲ್ಲದ ಹಾಗೆ ಎಂಬುದು ಅವಳಿಗೆ ಗೊತ್ತಿಲ್ಲದ ಸಂಗತಿಯೇ? ಆ ಪ್ರಶ್ನೆ ಇಟ್ಟದ್ದೇ ಅದಕ್ಕಾಗಿ. ಗೆದ್ದವನ ಹಾಳೆ ಎಂದು ಓದದೆ ಸಹಿ ಮಾಡಿದ್ದಳು. ಚಹಾ ಕುಡಿಯಲು ಆಗಲಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ವೀರಭದ್ರಪ್ಪನವರು ಹಳೇ ಬೇಳೆ ವ್ಯಾಪಾರಿ. ಈ ಹಾಳೆಗಳ ಸೂಕ್ಷ್ಮ ಅವರಿಗೆ ಬೇಕಿರಲಿಲ್ಲ, ಹುಲಗೇಶನೆಂದರೆ ಪ್ರೀತಿಯೂ ಇತ್ತು. ನಲಿನಿ ಸರಿ-ನಷ್ಟ ಅಂದರೆ ಗೊಣಗುತ್ತ ಹೊರುತ್ತಿದ್ದರು. ಅವಳು ಹಾಗೇ ಮಾಡೋಣ ಎಂದು ಹಾಳೆಯನ್ನು ಡಬ್ಬಿಗೆ ಹಾಕಲು ಹೋದಾಗ, ಒಳಗೆ ಸೋಮವಾರಕ್ಕೆಂದು ಮುಂಚೆಯೇ ಬರೆದಿಟ್ಟ ಐದು ಹೊಸ ಹಾಳೆಗಳು ಕಂಡವು. ಸೋಮವಾರ ಸಂಜೆ ಒಂದು ಟೈರ್ ಕಂಪನಿಯ ಫಲಿತಾಂಶವಿತ್ತು. ಐದೂ ಹಾಳೆಗಳಲ್ಲಿ ಮೂರು ಮೂರು ಲಾಟು. ಲಹರಿಯದೂ ಇತ್ತು, ಅವಳ ಪಕ್ಕದ ಸೀಟಿನ ನಿಶಾಂತನದೂ ಇತ್ತು. ಐದನೆಯ ಪ್ರಶ್ನೆಗೆ ಎಲ್ಲರದೂ ಒಂದೇ ಉತ್ತರ, ಸ್ಟಾಪ್ ಇದೆ, ಜನವರಿ ಹಾಳೆ ನೋಡಿ. ಬಂದರೆ ಅರ್ಧ ನಮ್ಮದು, ಹೋದರೆ ಸರಿ-ನಷ್ಟವೆಂದು ಆಫೀಸಿನದು. ಹುಲಗೇಶನಿಗೆ ಏನಾಗುತ್ತದೋ ನೋಡಿಕೊಂಡು ಕೈ ಹಾಕಲು ಅವರೆಲ್ಲ ಕಾದು ಕೂತಿದ್ದರು. ಅವನ ಹಾಳೆ ಮೇಲಿನ ಮನೆಗೆ ಹೋದರೆ ಸೋಮವಾರ ಐದು ಹುಲಗೇಶರಾಗುತ್ತಾರೆ.

ಶನಿವಾರ ಬೋರ್ಡಿನ ಮುಂದೆ ನಲಿನಿ ಹುಲಗೇಶನ ಹಾಳೆಯನ್ನು ಕೊನೆಗೆ ತೆಗೆದಳು. ಯಾರೂ ಫೋನು ಮುಟ್ಟಲಿಲ್ಲ.

"ಇದು ನಿಯಮದ ಪ್ರಕಾರಾನೇ ಇದೆ ಮೇಡಂ," ಲಹರಿ ಮುಂಚಿತವಾಗಿಯೇ ಅಂದಳು. ಅವಳದು ತುಮಕೂರಿನ ಕಡೆಯ ಮನೆತನ, ಕುಷಾಯಿಗೂಡದಲ್ಲೇ ಹುಟ್ಟಿ ಬೆಳೆದವಳು. "ಸ್ಟಾಪ್ ಇತ್ತು, ಸೈಜ್ ಸರಿ ಇತ್ತು. ನಸೀಬು ಕೈಕೊಟ್ಟಿತು ಅಷ್ಟೆ. ಸರಿ-ನಷ್ಟ."

"ಹೌದವಾ," ವೀರಭದ್ರಪ್ಪನವರು ನಿಟ್ಟುಸಿರುಬಿಟ್ಟರು. "ಹುಡುಗ ಬರದಂಗ ನಡಕೊಂಡಾನ. ಆತು, ನಾ ಹೊರತೀನಿ. ಮುಗಸ್ರಿ."

ಹುಲಗೇಶನ ಭುಜ ಸ್ವಲ್ಪ ಕೆಳಗಿಳಿಯಿತು. ಮೂರು ದಿನದಲ್ಲಿ ಮೊದಲ ಸಲ ಅವನು ಉಸಿರುಬಿಟ್ಟದ್ದನ್ನು ನಲಿನಿ ನೋಡಿದಳು. ಆ ಉಸಿರನ್ನು ತಾನೇ ಕಿತ್ತುಕೊಳ್ಳಬೇಕಿತ್ತು.

"ಇಲ್ರಿ," ಅಂದಳು. "ಇದು ತಪ್ಪು ನಿರ್ಧಾರ. ಅಂದು ಸಂಜೀಗೇ ಫಲಿತಾಂಶ ಐತಿ ಅಂತ ಕೊಳ್ಳೂವಾಗನ ಗೊತ್ತಿತ್ತು. ಆಮ್ಯಾಲ ತಿಳಿದದ್ದಲ್ಲ. ಬಜಾರ ಮುಚ್ಚಿದಾಗ ಸ್ಟಾಪ್ ಕೆಲಸ ಮಾಡಂಗಿಲ್ಲ ಅನ್ನೂದೂ ಗೊತ್ತಿತ್ತು. ನಲವತ್ತೈದು ಸಾವಿರದ ಲೆಕ್ಕ ಬಜಾರ ತೆರದಿದ್ದಾಗಿನ ಲೆಕ್ಕ. ರಾತ್ರಿ ಇಟ್ಟುಕೊಂಡ ಮ್ಯಾಲ ಆ ಲೆಕ್ಕಕ್ಕ ಅರ್ಥ ಇಲ್ಲ. ಇವತ್ತ ಇದು ಗೆದ್ದಿದ್ರೂ ತಪ್ಪ ಆಗತಿತ್ತು."

"ಜನವರಿದಾಗ ಗೆದ್ದಿತ್ತಲ್ರಿ," ಹುಲಗೇಶ ಎದ್ದು ನಿಂತ. ದನಿ ಏರಲಿಲ್ಲ. "ಆವಾಗ ನೀವ ರೈಟ್ ಹಾಕಿದ್ರಿ. ಆ ರೈಟ್ ನೋಡೇ ನಾ ಇದು ಸರಿ ದಾರಿ ಅಂತ ತಿಳಕೊಂಡೆ. ನನಗ ಬ್ಯಾರೆ ಯಾರು ಕಲಿಸಿದ್ರು ಅಕ್ಕಾರ?"

ನಲಿನಿ ಜನವರಿ ಹಾಳೆಯನ್ನು ಸರಿ-ಲಾಭದ ಮನೆಯಿಂದ ಬಿಚ್ಚಿ ತಪ್ಪು-ಲಾಭದ ಮನೆಗೆ ಅಂಟಿಸಿದಳು. "ಅದು ನನ್ನ ತಪ್ಪು. ಗೆದ್ದದ್ದು ನೋಡಿ ರೈಟ್ ಹಾಕೀನಿ. ಪಿನ್ ಹೊಡದಿತ್ತು ಖರೆ, ನನ್ನ ಬಾಯಾಗ ನಿನ್ನ ಕರದಂಟ ಇತ್ತು." ಆಮೇಲೆ ವೀರಭದ್ರಪ್ಪನವರ ಕಡೆ ತಿರುಗಿದಳು. "ಸಾವ್ಕಾರ್ರ, ಹಾಳಿ ತಪ್ಪು-ನಷ್ಟಕ್ಕ ಹೋಗಲಿ. ಆದ್ರ ದುಡ್ಡು ಇವನ ಠೇವಣಿಯಿಂದ ತಗೀಬ್ಯಾಡ್ರಿ. ಇವನಿಗೆ ತಪ್ಪು ಕಲಿಸಿದ್ದು ನಾನು, ಅಂದ್ರ ಆಫೀಸು. ಬೇಕಾದ್ರ ಅರ್ಧ ನನ್ನ ಪಗಾರದಾಗ ಮುರಕೊಳ್ರಿ."

ಹತ್ತು ನಿಮಿಷದ ಹಿಂದೆ ಒಂದು ಲಕ್ಷದ ಅರವತ್ತೈದು ಸಾವಿರ ಹೊರಲು ಸಿದ್ಧರಾಗಿದ್ದ ವೀರಭದ್ರಪ್ಪನವರು ಕನ್ನಡಕ ತೆಗೆದು ಒರೆಸಿದರು. ನಿಯಮ ಕೈಗೆ ಸಿಕ್ಕಮೇಲೆ ಕರುಣೆ ಖರ್ಚಿನ ಬಾಬತ್ತಾಗುತ್ತದೆ. ಅವರೇನು ಕೆಟ್ಟವರಲ್ಲ. ಹಾಗೆಂದು ಬಿಟ್ಟಿ ಸಿಕ್ಕ ದುಡ್ಡನ್ನು ವಾಪಸು ಕೊಡುವಷ್ಟು ಒಳ್ಳೆಯವರೂ ಅಲ್ಲ.

"ನಲಿನವ್ವ, ತಪ್ಪು ಅಂತ ನೀನ ಹೇಳಿದಿ, ನಾ ಹೇಳ್ಲಿಲ್ಲ," ಅಂದರು. "ನಿಯಮ ಬರದಾಕಿ ನೀನ. ಬಟನ್ ಒತ್ತಿದವನು ಅವನು. ನಿನ್ನ ಪಗಾರ ಮುರದು ನಾ ಎಲ್ಲಿ ಹೋಗ್ಲಿ? ಹುಲಗೇಶಾ, ಬ್ಯಾಸರ ಮಾಡ್ಕೋಬ್ಯಾಡ. ಉಳದ ಮೂವತ್ತೈದು ಸೋಮವಾರ ನಿನ್ನ ಅಕೌಂಟಿಗೆ ಬರ್ತಾವ."

ಹುಲಗೇಶ ಬಾಗಿಲ ಕಾರ್ಡು ಬಿಚ್ಚಿ ಟೇಬಲ್ಲಿನ ಮೇಲಿಟ್ಟ. ಡ್ರಾದಿಂದ ಟಿಫಿನ್ ಡಬ್ಬಿ, ಪಿಂಕಿ ಬಣ್ಣ ಹಚ್ಚಿ ಕೊಟ್ಟ ಒಂದು ಪೆನ್ನಿನ ಸ್ಟ್ಯಾಂಡು ತಗೊಂಡ. ಯಾರ ಕಡೆಗೂ ನೋಡಲಿಲ್ಲ. ನಲಿನಿಯ ಮುಂದೆ ಬಂದಾಗ ನಿಂತು, "ಬರ್ತೀನ್ರಿ ಅಕ್ಕಾರ," ಎಂದಷ್ಟೇ ಹೇಳಿ ಮೆಟ್ಟಿಲಿಳಿದ. ಅವನು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಸೋಮವಾರಕ್ಕೆಂದು ಬರೆದಿಟ್ಟಿದ್ದ ಐದು ಜನ ಡಬ್ಬಿಯಿಂದ ತಮ್ಮ ತಮ್ಮ ಹಾಳೆ ತೆಗೆದು ಹರಿದುಹಾಕಿದರು. ಸೋಮವಾರ ಯಾರೂ ಟೈರ್ ಕಂಪನಿಯ ಹತ್ತಿರ ಸುಳಿಯಲಿಲ್ಲ. ಇಷ್ಟಾದರೂ ಉಪಯೋಗಕ್ಕೆ ಬಂತಲ್ಲ ಎಂದು ನಲಿನಿ ತನ್ನನ್ನು ತಾನು ಸಮಾಧಾನ ಮಾಡಿಕೊಂಡಳು. ಆ ಸಮಾಧಾನಕ್ಕೆ ಆಯಸ್ಸು ಒಂದೇ ದಿನ.

ಮಂಗಳವಾರ ಬೆಳಿಗ್ಗೆ ಒಂಬತ್ತೂ ಕಾಲಿಗೆ ಟೈರ್ ಕಂಪನಿ ಏಳು ಪರ್ಸೆಂಟ್ ಮೇಲೆ ಬಾಗಿಲು ತೆಗೆಯಿತು.

ನಿಶಾಂತ ಕ್ಯಾಲ್ಕುಲೇಟರ್ ತೆಗೆದ. ತಲೆಗೆ ಸುಮಾರು ಒಂದು ಲಕ್ಷ. ಐದು ಜನಕ್ಕೆ ಐದು ಲಕ್ಷ, ಅದರಲ್ಲಿ ಅರ್ಧ ವೀರಭದ್ರಪ್ಪನವರದು.

"ಕಿತನಾ ಅಚ್ಛಾ ಡಿಸಿಷನ್ ಥಾ," ಲಹರಿ ನಲಿನಿಯ ಮುಖ ನೋಡದೆ ಅಂದಳು. "ಎಂಥಾ ಒಳ್ಳೇ ನಿರ್ಧಾರ ಮಾಡಿಸಿದ್ರಿ. ಥ್ಯಾಂಕ್ಸ್ ಮೇಡಂ."

"ಇದು ಏರಬಹುದು ಅಂತ ಅವತ್ತೂ ಗೊತ್ತಿತ್ತು ಲಹರಿ," ನಲಿನಿ ಅಂದಳು. "ಬೀಳಬಹುದು ಅಂತಾನೂ ಗೊತ್ತಿತ್ತು. ಬಿದ್ದಿದ್ರ ಐದು ಕುರ್ಚಿ ಖಾಲಿ ಆಗತಿದ್ವು." ಯಾರೂ ಕೇಳಿಸಿಕೊಳ್ಳಲಿಲ್ಲ. ಬಾರದ ದುಡ್ಡಿನ ಲೆಕ್ಕ ಮಾಡುವವರಿಗೆ ಬೇರೆ ಮಾತು ಕಿವಿಗೆ ಬೀಳುವುದಿಲ್ಲ.

ಹನ್ನೊಂದರ ಹೊತ್ತಿಗೆ ವೀರಭದ್ರಪ್ಪನವರು ಬಂದರು. ಬೋರ್ಡಿನ ಮುಂದೆ ನಿಂತು, ತಾವೇ ಕೈಯಾರೆ ಜನವರಿ ಹಾಳೆಯನ್ನು ತಪ್ಪು-ಲಾಭದಿಂದ ಕಿತ್ತು ಸರಿ-ಲಾಭಕ್ಕೆ ಹಚ್ಚಿದರು. ಹುಲಗೇಶನ ಜುಲೈ ಹಾಳೆ ತಪ್ಪು-ನಷ್ಟದಲ್ಲೇ ಉಳಿಯಿತು. ಎರಡೂ ಹಾಳೆಗಳಲ್ಲಿ ಅದೇ ದುಂಡು ಅಕ್ಷರ, ಅದೇ ಮೂರು ಲಾಟು, ಅದೇ "ಸ್ಟಾಪ್ ಐತಿ". ಒಂದು ಸರಿ, ಇನ್ನೊಂದು ತಪ್ಪು.

"ಸಾವ್ಕಾರ್ರ, ಅದು ಸರಿ ಆದ್ರ ಇದೂ ಸರಿ. ಹುಲಗೇಶನ್ನ ವಾಪಸ್ ಕರೀರಿ," ನಲಿನಿ ಅಂದಳು.

"ಸೋತಿದ್ದಕ್ಕ ಸರಿ ಅಂತ ಹ್ಯಾಂಗ ಅನ್ನೂದವಾ?" ಅವರು ನಿಜವಾಗಿಯೂ ಅರ್ಥವಾಗದವರಂತೆ ಕೇಳಿದರು. "ಮುಗದದ್ದು ಮುಗೀತು. ಈಗ ಆ ಐದನೇ ಪ್ರಶ್ನಿ ಹಾಳ್ಯಾಗಿಂದ ತಗದಬಿಡು. ಹುಡುಗೂರು ಅದನ್ನ ನೋಡಿ ಹೆದರಾಕತ್ತಾವ. ಇವತ್ತ ಪ್ರಿಂಟ್ ಹಾಕು."

ಇನ್ನು ಬೋರ್ಡು ಬೋರ್ಡೇ, ಕೋರ್ಟಲ್ಲ. ನಲಿನಿ ರಾಜೀನಾಮೆ ಕೊಡಬಹುದಿತ್ತೆಂದು ಓದುವವರಿಗೆ ಅನ್ನಿಸಬಹುದು. ಮಗಳ ಇಂಜಿನಿಯರಿಂಗ್ ಫೀಸು ಆಗಸ್ಟಿನಲ್ಲಿತ್ತು. ಅವಳು ಕಂಪ್ಯೂಟರಿನ ಮುಂದೆ ಕೂತು ಐದನೆಯ ಸಾಲನ್ನು ಅಳಿಸಿ, ನೂರು ಪ್ರತಿ ಪ್ರಿಂಟಿಗೆ ಕೊಟ್ಟಳು.

ಆಗಲೇ ಫೋನು ಬಂತು. ಹುಲಗೇಶ.

"ಅಕ್ಕಾರ, ಟೈರ್ ಏರ್ತಲ್ರಿ ಇವತ್ತ," ಅಂದ. ಹಿಂದೆ ಲೋಕಲ್ ಟ್ರೇನಿನ ಸದ್ದು. "ನಿಮಗೆಲ್ಲಾರೂ ಬೈದಿರಬೇಕು."

"ಹ್ಞೂಂ."

"ಬೈಲಿ ಬಿಡ್ರಿ. ನೀವು ಹೇಳಿದ್ದ ಸರಿ ಐತಿ. ನಾ ಎರಡು ದಿನ ಮನ್ಯಾಗ ಕುಂತು ವಿಚಾರ ಮಾಡಿದ್ನಿ. ಮೊದಲ ಸಿಟ್ಟ ಬಂದಿತ್ರಿ, ಸುಳ್ಳ ಯಾಕ ಹೇಳ್ಲಿ. ಕಾವ್ಯಾ ಇನ್ನೂ ಮಾತಾಡಾಕತ್ತಿಲ್ಲ. ಆದ್ರ ಹಾಳಿ ಮ್ಯಾಲಿಂದ ಕೆಳಗ ಓದಿದ್ರ ತಪ್ಪ ಕಾಣಸ್ತೈತಿ. ನಾ ಅಲ್ಲೇ ಇದ್ದಿದ್ರೂ ಈ ಟೈರ್ ಮುಟ್ಟತಿದ್ದಿಲ್ಲ." ಆಮೇಲೆ ವಿಷಯಕ್ಕೆ ಬಂದ. "ಒಂದ ಕೇಳಬೇಕಿತ್ರಿ. ನನ್ನ ನೋಟ್‌ಬುಕ್ಕಿನಾಗ ಬರದು ಇಟ್ಕೊಳ್ಳಾಕ. ಐದನೇ ಪ್ರಶ್ನಿಗೆ ಏನ ಬರೀಬೇಕಿತ್ತು?"

ಎಂಟು ಜನರಲ್ಲಿ ಒಬ್ಬನಿಗೆ ತಿಳಿದಿತ್ತು, ಅವನಿಗೇ ಕುರ್ಚಿಯಿಲ್ಲ.

"ಬರಕೋ," ಅಂದಳು. "ಬಜಾರ ಮುಚ್ಚಿದಾಗ ಸ್ಟಾಪ್ ಇಲ್ಲ ಅಂತ ತಿಳೀಬೇಕು. ಮುಂಜಾನೆ ಹತ್ತು ಪರ್ಸೆಂಟ್ ಕೆಳಗ ತೆರದ್ರ ಎಷ್ಟು ಹೋಗ್ತೈತಿ ಅಂತ ಲೆಕ್ಕ ಹಾಕಬೇಕು. ನಿನ್ನ ಷೇರಿಗೆ ಒಂದ ಲಾಟಿಗೇ ಅರವತ್ತು ಸಾವಿರ. ನಮ್ಮ ಮಿತಿ ಐವತ್ತು."

"ಅಂದ್ರ ಒಂದ ಲಾಟೂ ತಗೊಳ್ಳಂಗಿದ್ದಿಲ್ಲ."

"ಇದ್ದಿಲ್ಲ. ತಗೊಳ್ಳೂದಾದ್ರ ಜೋಡಿ ಪುಟ್ ಕೊಂಡು, ಅಂದ್ರ ಎಷ್ಟ ಬಿದ್ರೂ ಗೊತ್ತುಮಾಡಿದ ಬೆಲೆಗೇ ಮಾರೂ ಹಕ್ಕು ಕೊಂಡು, ವಿಮಾ ಮಾಡಿಸಿದಂಗ ಮಾಡ್ಬೇಕಿತ್ತು. ಆ ವಿಮಾದ ಖರ್ಚು ಕಳದ್ರೂ ಏನಾರ ಉಳೀತೈತೇನು ಅಂತ ನೋಡಬೇಕಿತ್ತು. ಇಲ್ಲಾಂದ್ರ ಸಂಜೀಗೆ ಮೊದಲ ಮಾರಿ ಮನೀಗೆ ಹೋಗಬೇಕಿತ್ತು."

ಅವನು ಬರೆದುಕೊಳ್ಳುತ್ತಿದ್ದ. ಒಂದೊಂದು ಪದವನ್ನೂ ಮೆಲ್ಲಗೆ ತಿರುಗಿ ಹೇಳಿಕೊಳ್ಳುವುದು ಫೋನಿನಲ್ಲಿ ಕೇಳಿಸುತ್ತಿತ್ತು. ಇತ್ತ ಪ್ರಿಂಟರು ಒಂದೊಂದೇ ಹಾಳೆಯನ್ನು ಹೊರಗೆ ತಳ್ಳುತ್ತಿತ್ತು. ಪ್ರತಿಯೊಂದರಲ್ಲೂ ನಾಲ್ಕು ಪ್ರಶ್ನೆ.

"ಬರಕೊಂಡ್ನಿರಿ," ಅಂದ ಹುಲಗೇಶ. "ಹಾಳ್ಯಾಗ ಈ ಪ್ರಶ್ನಿ ಇಟ್ಟದ್ದು ಭಾಳ ಚಲೋ ಮಾಡೀರಿ ಅಕ್ಕಾರ. ಉಳದವರಿಗರ ಉಪಯೋಗ ಆಗಲಿ."

"ಹ್ಞೂಂ," ಅಂದಳು ನಲಿನಿ. ನಿಶಾಂತ ಬಂದು ಪ್ರಿಂಟರಿನ ಮೇಲಿಂದ ಬಿಸಿ ಆರದ ಒಂದು ಹಾಳೆ ಎತ್ತಿಕೊಂಡು, ಗುರುವಾರದ ಫಲಿತಾಂಶಕ್ಕೆಂದು ತನ್ನ ಕುರ್ಚಿಗೆ ಹೋಗಿ ತುಂಬಲು ಕೂತ.